ಸಂಚಿ

ಸೋಮವಾರದ ರೌಂಡ್ಸ್ ಎಂದರೆ ಓಟ. ಹುಬ್ಬಳ್ಳಿಯ ಆ ಆಸ್ಪತ್ರೆಯ ಸರ್ಜರಿ ವಾರ್ಡಿನಲ್ಲಿ ಎರಡು ಮಂಚಗಳ ನಡುವೆ ಒಬ್ಬರು ನಿಂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಹದಿನಾಲ್ಕನೆಯ ಮಂಚದ ಬಳಿ ಸರ್ ನನ್ನ ಕಡೆ ತಿರುಗಿದರು.

"ಹೊಟ್ಟೆ ನೋಡಿ ಹೇಳಿ. ಐದು ನಿಮಿಷ."

ಕುಂದಗೋಳದ ಕಡೆಯ ಮುದುಕಿ. ಎರಡು ದಿನದಿಂದ ವಾಂತಿ, ಗಾಳಿಯೂ ಹೋಗಿಲ್ಲ. ಮೂಗಿನಲ್ಲಿ ನಳಿಕೆ, ಕೈಗೆ ಸಲೈನ್. ನಾನು ಕೈಯಿಟ್ಟ ತಕ್ಷಣ ಹೊಟ್ಟೆ ಗಟ್ಟಿಯಾಯಿತು.

"ತಣ್ಣಗಿದೆ ತಂಗಿ, ಬಾವಿಯೊಳಗೆ ಇಟ್ಟಿದ್ದೆಯೇನು ಕೈ?"

ಅಂಗೈ ಉಜ್ಜಿಕೊಂಡೆ. ಅವಳ ಮೊಣಕಾಲು ಮಡಿಸಲು ಹೇಳಿ, ಮಂಚದ ಪಕ್ಕ ಮೊಣಕಾಲೂರಿದೆ. ನೋವು ಬಲಗಡೆ ಎಂದಿದ್ದಳು. ಹಾಗಾಗಿ ಎಡಗಡೆಯಿಂದ ಆರಂಭಿಸಿದೆ. ಬೆರಳ ತುದಿಯಿಂದ ಚುಚ್ಚದೆ, ಇಡೀ ಬೆರಳುಗಳನ್ನು ಚಪ್ಪಟೆಯಾಗಿಟ್ಟು ಒತ್ತುತ್ತಾ ಬಂದೆ. ಕಣ್ಣು ಅವಳ ಮುಖದ ಮೇಲೆ.

"ಹೊಟ್ಟೆ ಇಲ್ಲಿದೆ. ನನ್ನ ಮುಖ ಏನು ನೋಡುತ್ತೀಯ?"

ಹಿಂದೆ ಯಾರೋ ನಕ್ಕರು. ಬೆರಳಿಟ್ಟು ಬಡಿದರೆ ಡೊಳ್ಳಿನಂತಹ ಸದ್ದು. ಸ್ಟೆತಾಸ್ಕೋಪಿನಲ್ಲಿ ಕರುಳು ತಂತಿ ಮೀಟಿದ ಹಾಗೆ ಸಣ್ಣ ದನಿಯಲ್ಲಿ ಕೇಳುತ್ತಿತ್ತು. ಎದ್ದು ಒಪ್ಪಿಸಿದೆ: ಉಬ್ಬಿದೆ, ಮೆತ್ತಗಿದೆ, ಗಡ್ಡೆ ಸಿಗಲಿಲ್ಲ, ಕರುಳಿಗೆ ಎಲ್ಲೋ ತಡೆಯಾಗಿದೆ.

"ಎಲ್ಲಿ?"

ಸುಮ್ಮನಿದ್ದೆ.

"ಹೊಟ್ಟೆ ಎಲ್ಲಿ ಮುಗಿಯುತ್ತದೆ?"

ಸೀರೆಯ ಗಂಟು ತೋರಿಸಿದೆ.

"ಅದು ಸೀರೆಯ ಗಡಿ. ಪರದೆ ಎಳೆಯಿರಿ." ಗಂಡಸರನ್ನೆಲ್ಲ ಕರೆದುಕೊಂಡು ಸರ್ ಆಚೆ ಹೋದರು. ನಾನು, ಪಿಜಿ ಅಕ್ಕ, ಮುದುಕಿ ಉಳಿದೆವು.

ಗಂಟು ಸಡಿಲಿಸಲು ಅವಳು ಒಪ್ಪಲಿಲ್ಲ. ನಾನು, "ಅಜ್ಜಿ, ನಿಮ್ಮ ಮೊಮ್ಮಗಳ ವಯಸ್ಸಿನವಳು ನಾನು" ಎಂದೆ. ಇಲಕಲ್ ಸೀರೆಯ ಮಡಿಕೆಯಿಂದ ಮೊದಲು ಹೊರಬಂದದ್ದು ಎಲೆ ಅಡಿಕೆಯ ಸಂಚಿ. ಅದು ಕುಳಿತಿದ್ದ ಜಾಗದ ತುಸು ಕೆಳಗೆ, ಬಲ ತೊಡೆಸಂದಿಯಲ್ಲಿ, ನಿಂಬೆಹಣ್ಣಿನ ಗಾತ್ರದ ಗಂಟು. ಬೆರಳು ತಾಕಿದ್ದೇ ತಡ, ಮುಖ ಹಿಂಡಿಕೊಂಡಳು. ಕೆಮ್ಮಲು ಹೇಳಿದರೆ ಅದು ಮಿಸುಕಲಿಲ್ಲ.

"ಇದು ಎಷ್ಟು ದಿನದಿಂದ ಇದೆ?"

"ಬಹಳ ದಿನದ್ದು. ನೋಯುತ್ತಿರಲಿಲ್ಲ. ಗಂಡಸರು ಕೇಳುವಾಗ ಏನೆಂದು ಹೇಳಲಿ?"

ಪಿಜಿ ಅಕ್ಕ ಪರದೆಯಾಚೆಗೆ, "ಸರ್, ಫೆಮೊರಲ್ ಹರ್ನಿಯಾ. ಕರುಳು ಸಿಕ್ಕಿಕೊಂಡಿದೆ, ಒಳಗೆ ಹೋಗುತ್ತಿಲ್ಲ" ಎಂದರು. "ಓಟಿಗೆ ತಿಳಿಸಿ, ರಕ್ತ ಕಳಿಸಿ" ಎಂಬ ಉತ್ತರ ಬಂತು. ಸರ್ ನನಗೆ ಒಂದು ಮಾತೂ ಹೇಳಲಿಲ್ಲ, ಬೈದಿದ್ದರೆ ವಾಸಿಯಿತ್ತು.

ಸ್ಟ್ರೆಚರ್ ಬಂದಾಗ ಮುದುಕಿ ಸಂಚಿಯನ್ನು ನನ್ನ ಕೈಯಲ್ಲಿ ತುರುಕಿದಳು. "ಮಗನಿಗೆ ಕೊಡಬೇಡ, ಹೊಗೆಸೊಪ್ಪು ತೆಗೆದು ಬಿಸಾಡುತ್ತಾನೆ."

ರೌಂಡ್ಸ್ ಆಗಲೇ ಹದಿನೇಳನೆಯ ಮಂಚ ಮುಟ್ಟಿತ್ತು. ಏಪ್ರನ್ ಜೇಬಿನಿಂದ ಸುಣ್ಣ, ಹೊಗೆಸೊಪ್ಪಿನ ವಾಸನೆ ಬರುತ್ತಿತ್ತು. ಸರ್ ಒಮ್ಮೆ ಮೂಗು ಅರಳಿಸಿ ನನ್ನ ಕಡೆ ನೋಡಿದರು. ನಾನು ಜೇಬಿನ ಮೇಲೆ ಕೈಯಿಟ್ಟುಕೊಂಡೆ.