ಮಾರ್ಥಾ, ಪೀಟರ್ ಅವರಿಗೆ, ಅನನ್ಯಳ ಅಮ್ಮನಿಂದ

ಪ್ರೀತಿಯ ಮಾರ್ಥಾ, ಪೀಟರ್, ಅಜ್ಜಿ ಮತ್ತು ಪುಟ್ಟ ಯೋನಾಸ್,

ನಿಮ್ಮ ಮನೆಯಲ್ಲಿದ್ದು ಓದಿದ ಅನನ್ಯ ವಾಪಸ್ ನಮ್ಮ ಮನೆ ತಲುಪಿದ ದಿನವೇ ವಿಡಿಯೊ ಕಾಲ್ ಮಾಡಿ ಥ್ಯಾಂಕ್ಸ್ ಹೇಳಿದೆವು. ಆದರೆ ಅವತ್ತು ನಾನು ನಗುತ್ತಾ ತಲೆ ಆಡಿಸಿದ್ದೇ ಜಾಸ್ತಿ. ನಿಮ್ಮ ಭಾಷೆ ನನಗೆ ಬರುವುದಿಲ್ಲ, ಇಂಗ್ಲಿಷ್‌ನಲ್ಲಿ ಬರೆಯಲು ಕೂತರೆ ರಜೆ ಅರ್ಜಿ ಬರೆದ ಹಾಗಾಗುತ್ತದೆ. ಅದಕ್ಕೇ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಅನನ್ಯ ಇದನ್ನು ನಿಮ್ಮ ಭಾಷೆಗೆ ಮಾಡಿ ಜೊತೆಗೆ ಕಳಿಸುತ್ತಾಳೆ. ಅವಳನ್ನು ಹೊಗಳಿದ ಕಡೆ ನಾಚಿಕೊಂಡು ಬಿಟ್ಟುಬಿಡಬಾರದು, ಕಾಲೆಳೆದ ಕಡೆ ಜಾರಿಕೊಳ್ಳಬಾರದು ಅಂತ ಮೊದಲೇ ಹೇಳಿಟ್ಟಿದ್ದೇನೆ.

ಮೊದಲನೆಯ ದಿನವೇ ನೀವು ಅವಳ ಕೈಗೆ ಮನೆ ಕೀ ಕೊಟ್ಟಿರಿ. ಅಡುಗೆಮನೆ ಗೋಡೆಯ ಕ್ಯಾಲೆಂಡರ್‌ನಲ್ಲಿ ನಿಮ್ಮೆಲ್ಲರ ಹೆಸರಿನ ಪಕ್ಕ ಅವಳ ಹೆಸರು, ಅವಳಿಗೇ ಅಂತ ಒಂದು ಬಣ್ಣ. ಯಾರು ಯಾವಾಗ ಎಲ್ಲಿಗೆ, ಕಸ ಹೊರಗಿಡುವ ಸರದಿ ಯಾರದು, ಎಲ್ಲ ಅದರಲ್ಲಿ. ಅದರ ಫೋಟೊ ನೋಡಿ ನಮ್ಮ ಅತ್ತೆ, "ಹುಡುಗಿಯನ್ನು ಓದೋಕೆ ಕಳಿಸಿದ್ದೋ ಕೆಲಸಕ್ಕೆ ಕಳಿಸಿದ್ದೋ" ಅಂದರು. ನನಗೆ ಮಾತ್ರ ಅದನ್ನು ನೋಡಿದ ಮೇಲೆ ನಿದ್ದೆ ಬಂತು. ನೆಂಟರಿಗೆ ಯಾರೂ ಕಸದ ಸರದಿ ಹಾಕುವುದಿಲ್ಲ ಅಲ್ವಾ? ಮನೆಯವರಿಗೆ ಮಾತ್ರ ಹಾಕುತ್ತಾರೆ.

ಚಳಿಗಾಲದ ಆ ದಿನಗಳ ಬಗ್ಗೆ ಬರೆಯಲೇಬೇಕು. ನಿಮ್ಮಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದೆ ತಿರುಗಿಸಿದ ಮೇಲೆ ನಾವು ಫೋನ್ ಮಾಡುವ ಹೊತ್ತೂ ಏರುಪೇರಾಯಿತು. ಅವಳು ಕಾಲೇಜಿನಿಂದ ಬರುವಷ್ಟರಲ್ಲಿ ಅಲ್ಲಿ ಕತ್ತಲು, ನಾವು ಇಲ್ಲಿ ಮಲಗುವ ಹೊತ್ತು. ಅವಳ ಮಾತು ಕಡಿಮೆಯಾಗುತ್ತಾ ಬಂತು. ಏನಾಯಿತು ಅಂದರೆ "ಏನಿಲ್ಲಮ್ಮ". ಈ "ಏನಿಲ್ಲ"ದ ಒಳಗೆ ಏನೋ ಇದೆ ಅಂತ ಗೊತ್ತಾಗುತ್ತದೆ, ಆದರೆ ಅಷ್ಟು ದೂರದಿಂದ ಮುಖ ಹಿಡಿದು ನೋಡಲು ಆಗುತ್ತದೆಯೇ? ಆಗ ಮಾರ್ಥಾ, ನಿಮ್ಮ ಮೆಸೇಜ್ ಬಂತು. ಅನನ್ಯ ಊಟಕ್ಕೆ ಕೆಳಗೆ ಬರುತ್ತಿಲ್ಲ, ಬಾಗಿಲು ಮುಚ್ಚಿಕೊಂಡಿರುತ್ತಾಳೆ, ನಮ್ಮಲ್ಲಿ ಬಾಗಿಲು ಮುಚ್ಚಿದ್ದರೆ ಒಬ್ಬರೇ ಇರಬೇಕು ಅಂತ ಅರ್ಥ, ನಾವು ತೊಂದರೆ ಕೊಡುವುದಿಲ್ಲ, ನಿಮ್ಮ ಮನೆಯಲ್ಲಿ ಹೀಗಾದರೆ ಏನು ಮಾಡುತ್ತೀರಿ ಅಂತ ಕೇಳಿದ್ದಿರಿ.

ಆ ಪ್ರಶ್ನೆಗೆ ನಾನು ಎಷ್ಟು ಋಣಿ ಅಂತ ಹೇಳಲಾರೆ. ನಿಮ್ಮ ಮನೆ, ನಿಮ್ಮ ಪದ್ಧತಿ. ಅವಳೇ ಹೊಂದಿಕೊಳ್ಳಲಿ ಅಂತ ಸುಮ್ನೆ ಇದ್ದಿದ್ದರೂ ಯಾರೂ ತಪ್ಪು ಅನ್ನುತ್ತಿರಲಿಲ್ಲ. ನಾನು ಬರೆದೆ: ಏನೂ ಕೇಳಬೇಡಿ, ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ, ಅಷ್ಟು ಸಾಕು.

ಆಮೇಲೆ ನಡೆದದ್ದನ್ನು ಅನನ್ಯ ಮೊನ್ನೆಯಷ್ಟೇ ಪೂರ್ತಿ ಹೇಳಿದಳು. ನೀವು ಮೊದಲು ಬಾಗಿಲು ತಟ್ಟಿದಿರಂತೆ. ಅವಳು ಹೂಂ ಅನ್ನುವವರೆಗೆ ಹೊರಗೇ ನಿಂತಿದ್ದಿರಂತೆ. ಆಮೇಲೆ ಒಳಗೆ ಬಂದು, ಕುರ್ಚಿ ಎಳೆದುಕೊಂಡು, ಒಂದು ಮಾತೂ ಆಡದೆ ಉಲ್ಲನ್ ಹೆಣೆಯುತ್ತಾ ಕೂತಿರಂತೆ. ಬಾಗಿಲು ತಟ್ಟಿದ್ದು ನಿಮ್ಮ ರೀತಿ, ಏನೂ ಕೇಳದೆ ಪಕ್ಕದಲ್ಲಿ ಕೂತದ್ದು ನಮ್ಮ ರೀತಿ. ಎರಡನ್ನೂ ಸೇರಿಸಿ ಮಾಡಿದಿರಿ. ತುಂಬಾ ಹೊತ್ತಿನ ಮೇಲೆ ಇವಳು ತಾನಾಗಿಯೇ ಬಾಯಿ ಬಿಟ್ಟಳಂತೆ: ತರಗತಿಯಲ್ಲಿ ಏನೂ ಅರ್ಥವಾಗುತ್ತಿಲ್ಲ, ಫೇಲಾದರೆ ಅಪ್ಪ ಅಮ್ಮನಿಗೆ ಏನು ಹೇಳಲಿ ಅನ್ನುವ ಭಯ. ನಮಗೆ ಹೇಳಲಾಗದ್ದನ್ನು ನಿಮಗೆ ಹೇಳಿದಳು. ಅಮ್ಮನಿಗೆ ಇದು ಕೇಳಿ ಸ್ವಲ್ಪ ಚುರ್ ಅನ್ನುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಹೇಳಲು ಅಲ್ಲಿ ಒಬ್ಬರು ಇದ್ದರಲ್ಲ, ಅದೇ ದೊಡ್ಡದು.

ಇನ್ನು ಪೀಟರ್. ಬೆಳಗ್ಗೆ ಅವಳು ಸ್ನಾನಕ್ಕೆ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತಾಳೆ, ಇದರಿಂದ ಎಲ್ಲರಿಗೂ ತಡವಾಗುತ್ತದೆ ಅಂತ ನೀವು ಮುಖಕ್ಕೇ ಹೇಳಿದಿರಿ. ಅವತ್ತು ಫೋನಿನಲ್ಲಿ ಅತ್ತಳು. "ಅವರಿಗೆ ನಾನು ಬೇಡವಾಗಿದ್ದೇನೆ" ಅಂದಳು. ಅದೇ ಸಂಜೆ ನೀವು ಅವಳ ಸೈಕಲ್ ಬ್ರೇಕ್ ಸರಿ ಮಾಡುತ್ತಾ ಏನೂ ಆಗೇ ಇಲ್ಲ ಅನ್ನುವ ಹಾಗೆ ಹರಟುತ್ತಿದ್ದಿರಂತೆ. ಅವಳಿಗೆ ಆಗ ಹೊಳೆಯಿತು, ಹೇಳಿದ ಕೂಡಲೇ ನಿಮ್ಮ ಪಾಲಿಗೆ ಅದು ಮುಗಿಯಿತು ಅಂತ. ನಮ್ಮಲ್ಲಿ ಇಂಥ ವಿಷಯ ಮೊದಲು ಪಕ್ಕದವರಿಗೆ ಹೋಗಿ, ಅಲ್ಲಿಂದ ಸುತ್ತಿ ನಮ್ಮ ಕಿವಿಗೆ ಬಂದು, ಆಮೇಲೆ ನಾಲ್ಕು ದಿನ ಮುಖ ಊದಿಸಿಕೊಂಡು ಓಡಾಡಿ ಕರಗಬೇಕು. ನಿಮ್ಮದು ಬೇಗ ಆಗುತ್ತದೆ. ಆದರೂ ಹೇಳುವ ಮುಂಚೆ ಒಂದು ನಗು ನಕ್ಕರೆ ಏನೂ ಕಳೆದುಹೋಗುವುದಿಲ್ಲ ಅಂತ ನನ್ನ ಅಭಿಪ್ರಾಯ!

ಅಜ್ಜಿಗೆ ವಿಶೇಷ ನಮಸ್ಕಾರ. ಕಾರ್ಡ್ ಆಟದಲ್ಲಿ ಅವರು ಮೋಸ ಮಾಡುತ್ತಾರೆ ಅಂತ ಅನನ್ಯ ಹೇಳುತ್ತಾಳೆ, ನಾನು ನಂಬಿಲ್ಲ. ಭಾಷೆ ಕಲಿತದ್ದು ಮಾತ್ರ ತರಗತಿಗಿಂತ ಅವರ ಜೊತೆ ಜಗಳ ಆಡಿಯೇ ಅನ್ನುವುದನ್ನು ನಂಬಿದ್ದೇನೆ. ಯೋನಾಸ್, ನಿನ್ನ ಲೆಕ್ಕದ ಟೀಚರ್ ಇಲ್ಲಿಂದಲೂ ಹೋಮ್‌ವರ್ಕ್ ನೋಡುತ್ತಾಳಂತೆ. ತಪ್ಪಿಸಿಕೊಳ್ಳಬೇಡ.

ನೀವು ಕಳಿಸಿದ ಹುಡುಗಿ ಇಲ್ಲಿ ಹೇಗಿದ್ದಾಳೆ ಗೊತ್ತಾ? ನಮ್ಮ ರೂಮಿನ ಬಾಗಿಲು ತಟ್ಟಿ ಒಳಗೆ ಬರುತ್ತಾಳೆ. ಹತ್ತು ನಿಮಿಷ ತಡವಾದರೆ ಫೋನ್ ಮಾಡುತ್ತಾಳೆ. ತಟ್ಟೆ ತಾನೇ ತೊಳೆದಿಡುತ್ತಾಳೆ. ಬೇಡ ಅನ್ನಿಸಿದರೆ ಬೇಡ ಅನ್ನುತ್ತಾಳೆ, ಮೂರು ಸಲ ಒತ್ತಾಯ ಮಾಡಿದರೂ ಬೇಡವೇ. ಅವರಪ್ಪನಿಗೆ ಮೊದಲು ಗಾಬರಿಯಾಯಿತು. ಈಗ ಅವರೂ ಅತ್ತೆಯ ಹತ್ತಿರ ಅದನ್ನು ಪ್ರಯೋಗ ಮಾಡಲು ಹೋಗಿ ಬೈಸಿಕೊಂಡಿದ್ದಾರೆ. ಅವಳು ಅಲ್ಲಿ ಬಿಟ್ಟು ಬಂದದ್ದೂ ಇದೆಯಂತೆ. ಹೊರಗೆ ಹೊರಟವರನ್ನು ಬಾಗಿಲವರೆಗೆ ಹೋಗಿ ಕಳಿಸಿ, ಮರೆಯಾಗುವ ತನಕ ಕೈ ಬೀಸುವುದನ್ನು ಈಗ ಯೋನಾಸ್ ಕೂಡ ಮಾಡುತ್ತಾನೆ ಅಂತ ನೀವೇ ಬರೆದಿದ್ದಿರಿ. ಅದನ್ನು ಓದಿ ನಮಗೆ ಎಷ್ಟು ಖುಷಿಯಾಯಿತು ಅಂದರೆ ಮನೆಗೆ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದೆವು.

ಹೊರಡುವಾಗ ನೀವು ಅವಳಿಗೆ, "ನಮಗೆ ನೀನು ಏನೂ ಬಾಕಿ ಇಲ್ಲ, ನಮಗೆ ಇಷ್ಟವಾಗಿ ಮಾಡಿದೆವು" ಅಂದಿರಂತೆ. ಅದು ನಿಮ್ಮ ದೊಡ್ಡತನ. ಆದರೆ ಒಪ್ಪಲು ಆಗುವುದಿಲ್ಲ, ಕ್ಷಮಿಸಿ. ನಿಮ್ಮ ಕಡೆಯ ಲೆಕ್ಕ ನೀವು ಮುಗಿಸಿಕೊಳ್ಳಿ. ನಮ್ಮ ಕಡೆಯದು ತೆರೆದೇ ಇರುತ್ತದೆ, ನಮಗೆ ಅದು ಹಾಗಿರುವುದೇ ಇಷ್ಟ.

ಕೊನೆಗೆ ಒಂದಿಷ್ಟು ಕೆಲಸದ ಮಾತು. ಬೀರುವಿನಲ್ಲಿ ಉಳಿದಿರುವ ಅವಳ ದಪ್ಪ ಕೋಟು ಯಾರಿಗಾದರೂ ಕೊಟ್ಟುಬಿಡಿ, ಇಲ್ಲಿ ಅದಕ್ಕೆ ಕೆಲಸವಿಲ್ಲ. ಮುಂದಿನ ರಜೆಗೆ ಬರುವ ಮಾತು ಆಡಿದ್ದಿರಿ, ಟಿಕೆಟ್ ತೆಗೆಯುವ ಮುಂಚೆ ತಾರೀಖು ತಿಳಿಸಿ. ಹೋಟೆಲ್ ಹುಡುಕಬೇಡಿ. ಮಹಡಿಯ ಮೇಲಿನ ರೂಮ್ ನಿಮಗೇ, ಒಳಗಿನಿಂದ ಚಿಲಕವೂ ಇದೆ. ಚಿಲಕ ಹಾಕಿಕೊಳ್ಳುವುದು ಒಳ್ಳೆಯದು, ಏಕೆಂದರೆ ನಮ್ಮ ಅತ್ತೆ ಬಾಗಿಲು ತಟ್ಟುವುದಿಲ್ಲ.

ಪ್ರೀತಿಯಿಂದ,
ಸುಮಾ
(ಅನನ್ಯಳ ಅಪ್ಪ ಮತ್ತು ಅಜ್ಜಿಯ ಪರವಾಗಿಯೂ)