ಜುಲೈ 1ರಿಂದ ಬಾಕ್ಸ್‌ಗಳ ದರ ಹೆಚ್ಚಳ: ನಮ್ಮ ಹಳೆಯ ಗ್ರಾಹಕರಿಗೆ ಪತ್ರ

ದಿನಾಂಕ: ಮೇ 19, 2025

ವಿಷಯ: ಕೊರುಗೇಟೆಡ್ ಬಾಕ್ಸ್‌ಗಳ ದರ ಬದಲಾವಣೆ, ಈಗಾಗಲೇ ಕೊಟ್ಟಿರುವ ಆರ್ಡರ್‌ಗಳ ವ್ಯವಸ್ಥೆ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇವೆ. ಜುಲೈ 1ರಿಂದ ಮೂರು ಪ್ಲೈ ಬಾಕ್ಸ್‌ಗಳ ದರ ಶೇ. 6ರಷ್ಟು, ಐದು ಪ್ಲೈ ಬಾಕ್ಸ್‌ಗಳ ದರ ಶೇ. 8ರಷ್ಟು ಹೆಚ್ಚಾಗುತ್ತದೆ. ನೀವು ತರಿಸುವ ಪ್ರತಿ ಅಳತೆಯ ಹಳೆ ದರ, ಹೊಸ ದರ ಎರಡನ್ನೂ ಅಕ್ಕಪಕ್ಕ ಬರೆದ ಪಟ್ಟಿ ಈ ಪತ್ರದ ಜೊತೆಗಿದೆ. ಕಳೆದ ಎರಡು ವರ್ಷ ನಾವು ದರ ಮುಟ್ಟಿರಲಿಲ್ಲ.

ಕಾರಣ ಮುಖ್ಯವಾಗಿ ಕಾಗದ. ಒಂದು ಬಾಕ್ಸಿಗೆ ನಮಗೆ ಬೀಳುವ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ರಾಫ್ಟ್ ಪೇಪರಿನದ್ದೇ. ಕಳೆದ ಎಂಟು ತಿಂಗಳಲ್ಲಿ ನಾವು ಕೊಳ್ಳುವ ಕಾಗದದ ರೇಟು ಮೂರು ಸಲ ಏರಿ, ಒಟ್ಟು ಶೇ. 14 ಹೆಚ್ಚಾಗಿದೆ. ಅಂಟಿಗೆ ಬಳಸುವ ಸ್ಟಾರ್ಚ್ ಮತ್ತು ಕೆಲಸಗಾರರ ಕೂಲಿಯೂ ಹೆಚ್ಚಿವೆ. ಕೂಲಿ ಹೆಚ್ಚಿಸಿದ್ದು ನಾವೇ. ಅದು ನ್ಯಾಯವಾಗಿ ಅವರಿಗೆ ಸಲ್ಲಬೇಕಾದದ್ದು. ಮೊದಲೆರಡು ಸಲದ ಏರಿಕೆಯನ್ನು ನಾವೇ ಹೊತ್ತುಕೊಂಡೆವು. ಮೂರನೆಯದನ್ನೂ ಹೊರಲು ಆಗುತ್ತಿಲ್ಲ.

ಐದು ಪ್ಲೈಗೆ ಯಾಕೆ ಜಾಸ್ತಿ ಎಂದು ನೀವು ಕೇಳಬಹುದು. ಅದರಲ್ಲಿ ಮೂರು ಚಪ್ಪಟೆ ಪದರ, ನಡುವೆ ಎರಡು ಫ್ಲೂಟ್ ಪದರ ಇರುತ್ತವೆ. ಫ್ಲೂಟ್ ಅಲೆಯಲೆಯಾಗಿ ಮಡಚುವುದರಿಂದ ಅಷ್ಟೇ ಉದ್ದಕ್ಕೆ ಹೆಚ್ಚು ಕಾಗದ ಹಿಡಿಯುತ್ತದೆ. ಪ್ರಿಂಟಿಂಗ್, ಪಿನ್ ಹೊಡೆಯುವ ಕೆಲಸ ಮಾತ್ರ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಕಾಗದದ ರೇಟು ಏರಿದರೆ ಐದು ಪ್ಲೈಗೆ ಏಟು ಹೆಚ್ಚು.

ಇನ್ನೊಂದು ದಾರಿ ಇತ್ತು. ದರ ಹಾಗೇ ಇಟ್ಟು, ಕಾಗದದ ಜಿಎಸ್‌ಎಂ ಸದ್ದಿಲ್ಲದೆ ಇಳಿಸುವುದು. ನೋಡಲು ಬಾಕ್ಸ್ ಹಾಗೇ ಕಾಣುತ್ತದೆ. ಆದರೆ ಗೋದಾಮಿನಲ್ಲಿ ಒಂದರ ಮೇಲೊಂದು ಪೇರಿಸಿದಾಗ ಅಡಿಯ ಬಾಕ್ಸ್ ಕುಸಿಯುತ್ತದೆ. ಗಾಳಿಯಲ್ಲಿ ತೇವ ಇದ್ದರೆ ಇನ್ನೂ ಬೇಗ. ಒಳಗಿನ ಮಾಲು ನಿಮ್ಮದು, ಹಾಳಾದರೆ ನಷ್ಟವೂ ನಿಮ್ಮದೇ ಅಲ್ವಾ? ಅದನ್ನು ನಾವು ಮಾಡುವುದಿಲ್ಲ. ಈಗಿರುವ ಜಿಎಸ್‌ಎಂ, ಬರ್ಸ್ಟಿಂಗ್ ಸ್ಟ್ರೆಂತ್ ಹಾಗೇ ಮುಂದುವರಿಯುತ್ತವೆ. ನಿಮ್ಮ ಮಾಲಿಗೆ ಇಷ್ಟು ಗಟ್ಟಿ ಬಾಕ್ಸ್ ನಿಜಕ್ಕೂ ಬೇಡ ಎನಿಸಿದರೆ ಹೇಳಿ. ಸ್ಯಾಂಪಲ್ ಮಾಡಿಕೊಡುತ್ತೇವೆ, ನೀವೇ ಮಾಲು ತುಂಬಿಸಿ ಪೇರಿಸಿ ನೋಡಿ ತೀರ್ಮಾನಿಸಿ.

ಈಗ ಕೈಯಲ್ಲಿರುವ ಆರ್ಡರ್‌ಗಳ ಮಾತು. ಜೂನ್ 30ರ ಸಂಜೆಯೊಳಗೆ ಲಿಖಿತವಾಗಿ ಖಚಿತವಾದ ಆರ್ಡರ್‌ಗಳಿಗೆಲ್ಲ ಹಳೆಯ ದರವೇ. ಅವುಗಳ ಡೆಲಿವರಿಯನ್ನು ಆಗಸ್ಟ್ 31ರೊಳಗೆ ತೆಗೆದುಕೊಳ್ಳಬೇಕು. ನಮ್ಮ ಕಡೆಯಿಂದ ತಡವಾದರೆ ಆ ಗಡುವು ನಿಮಗೆ ಅನ್ವಯಿಸುವುದಿಲ್ಲ, ಮಾಲು ಯಾವಾಗ ತಲುಪಿದರೂ ಬಿಲ್ ಹಳೆಯ ದರದಲ್ಲೇ ಬರುತ್ತದೆ. ಅರ್ಧ ಮಾಲು ಹೋಗಿ ಅರ್ಧ ಉಳಿದಿರುವ ಆರ್ಡರ್‌ಗಳ ಬಾಕಿಗೂ ಇದೇ ನಿಯಮ. ಮುಂಗಡ ಕೊಟ್ಟವರಿಂದ ವ್ಯತ್ಯಾಸದ ಹಣ ಕೇಳುವುದಿಲ್ಲ. ವರ್ಷದ ದರ ಒಪ್ಪಂದ ಇರುವವರಿಗೆ ಒಪ್ಪಂದ ಮುಗಿಯುವವರೆಗೆ ಏನೂ ಬದಲಾಗದು. ನಾವು ಈಗಾಗಲೇ ಕೊಟ್ಟಿರುವ ಕೊಟೇಶನ್‌ಗಳು ಅವುಗಳಲ್ಲಿ ಬರೆದ ದಿನಾಂಕದವರೆಗೆ ನಡೆಯುತ್ತವೆ.

ಒಂದು ಮಿತಿ ಇಡಲೇಬೇಕಾಗಿದೆ. ಹಳೆಯ ದರದಲ್ಲಿ ಜೂನ್ ತಿಂಗಳಿಗೆ ನಿಮ್ಮ ಮಾಮೂಲಿ ತಿಂಗಳ ಆರ್ಡರಿನ ಎರಡರಷ್ಟರವರೆಗೆ ಮಾತ್ರ ತೆಗೆದುಕೊಳ್ಳುತ್ತೇವೆ. ಒಬ್ಬರೇ ಹೆಚ್ಚು ತುಂಬಿಕೊಂಡರೆ ಉಳಿದವರಿಗೆ ಕಾಗದ ಸಾಲುವುದಿಲ್ಲ. ಸುಮ್ನೆ ಕೂಡಿಡುವುದರಿಂದ ನಿಮಗೂ ಲಾಭವಿಲ್ಲ. ತಿಂಗಳುಗಟ್ಟಲೆ ತೇವದಲ್ಲಿ ಕೂತ ಬಾಕ್ಸ್ ತನ್ನ ಗಟ್ಟಿತನ ಕಳೆದುಕೊಳ್ಳುತ್ತದೆ.

ಪಾವತಿಗೆ 30 ದಿನದ ಅವಧಿ, ಸಾಗಣೆ ವೆಚ್ಚ, ಕನಿಷ್ಠ ಆರ್ಡರ್ ಪ್ರಮಾಣ ಈಗಿನಂತೆಯೇ ಇರುತ್ತವೆ. ನಿಮ್ಮ ಹೆಸರಿನ ಪ್ರಿಂಟಿಂಗ್ ಬ್ಲಾಕ್‌ಗಳು ನಮ್ಮಲ್ಲೇ ಇವೆ, ಅದಕ್ಕೆ ಮತ್ತೆ ಖರ್ಚಿಲ್ಲ. ಹೊಸ ದರವನ್ನು ಡಿಸೆಂಬರ್ 31ರವರೆಗೆ ಏರಿಸುವುದಿಲ್ಲ. ಅಷ್ಟರಲ್ಲಿ ಕಾಗದದ ರೇಟು ಶೇ. 5ಕ್ಕಿಂತ ಹೆಚ್ಚು ಇಳಿದರೆ, ನೀವು ಕೇಳುವ ಮೊದಲೇ ನಾವೇ ದರ ಇಳಿಸಿ ತಿಳಿಸುತ್ತೇವೆ.

ನೀವೂ ನಿಮ್ಮ ಗ್ರಾಹಕರಿಗೆ ದರ ಹೇಳಿಬಿಟ್ಟಿರುತ್ತೀರಿ, ಅದು ನಮಗೆ ಗೊತ್ತು. ಅದಕ್ಕೇ ಆರು ವಾರ ಮುಂಚೆ ಬರೆಯುತ್ತಿದ್ದೇವೆ. ಈ ಗಡುವಿನಲ್ಲಿ ಹೊಂದಿಸಿಕೊಳ್ಳುವುದು ಯಾರಿಗಾದರೂ ಕಷ್ಟವಾದರೆ, ನಿಮ್ಮ ಆರ್ಡರ್ ನೋಡಿಕೊಳ್ಳುವ ನಮ್ಮ ಮಾರಾಟ ವಿಭಾಗದವರಿಗೆ ಜೂನ್ 10ರೊಳಗೆ ಫೋನ್ ಮಾಡಿ. ಇಷ್ಟು ವರ್ಷ ನಂಬಿ ನಮ್ಮಲ್ಲೇ ಬಾಕ್ಸ್ ತೆಗೆದುಕೊಂಡವರು ನೀವು. ಕೂತು ಮಾತಾಡಿ ದಾರಿ ಹುಡುಕೋಣ.

ಜುಲೈ, ಆಗಸ್ಟ್ ತಿಂಗಳಿಗೆ ನಿಮಗೆ ಬೇಕಾಗುವ ಅಂದಾಜು ಪ್ರಮಾಣವನ್ನು ಜೂನ್ 20ರೊಳಗೆ ಬರೆದು ಕಳಿಸಿ. ಆ ಲೆಕ್ಕದಲ್ಲಿ ನಿಮಗಾಗಿ ಕಾಗದ ಎತ್ತಿಡುತ್ತೇವೆ.

ವಂದನೆಗಳೊಂದಿಗೆ,
ಮಾಲೀಕರು ಮತ್ತು ಮಾರಾಟ ವಿಭಾಗ

ಲಗತ್ತು: ಹಳೆಯ ಮತ್ತು ಹೊಸ ದರಪಟ್ಟಿ