ಸಿಮೆಂಟ್ ಗುಂಡು

ಜಿಲ್ಲಾ ಆಯ್ಕೆಗೆ ಒಂದೇ ತಿಂಗಳು ಉಳಿದಿತ್ತು. ಶಾಲೆಯಲ್ಲಿ ಶಾಟ್‌ಪುಟ್ ಗುಂಡೇ ಇರಲಿಲ್ಲ. ಬಸು ಹಳೆಯ ಪ್ಲಾಸ್ಟಿಕ್ ಚೆಂಡಿನೊಳಗೆ ಸಿಮೆಂಟ್, ಮರಳು ತುಂಬಿದ. ಒಣಗಿದ ಮೇಲೆ ಹಿಟ್ಟಿನ ಗಿರಣಿಯ ತಕ್ಕಡಿಯಲ್ಲಿಟ್ಟ. 5 ಕೆಜಿಗಿಂತ ಸ್ವಲ್ಪ ಜಾಸ್ತಿ. ಕಲ್ಲಿಗೆ ಉಜ್ಜಿ ಉಜ್ಜಿ ಸರಿಮಾಡಿದ.

ಕಣದಲ್ಲಿ ಗೂಟ ನೆಟ್ಟು, ಮೂರೂವರೆ ಅಡಿ ಹಗ್ಗ ಕಟ್ಟಿ ವೃತ್ತ ಎಳೆದ. ಅದರ ಮುಂದೆ ಒಂದು ಜಾಲಿ ದಿಮ್ಮಿ.

"ಲೇ ಬಸ್ಯಾ, ಕಣಾ ಎಲ್ಲಾ ಕುಣಿ ಮಾಡೀಯಲ್ಲೋ!" ಅಜ್ಜಿ ಬೈದಳು. ಮರುದಿನ ಗುಂಡು ಬಿದ್ದಲ್ಲಿ ಸುಣ್ಣದ ಗುರುತು ಹಾಕಿದವಳೂ ಅವಳೇ.

ಹಾವೇರಿಯ ಮೈದಾನದಲ್ಲಿ ಕಬ್ಬಿಣದ ಗುಂಡು ಕೈಗೆ ಬಂತು. ತೂಕ ಅಷ್ಟೇ, ಆದರೆ ಎಷ್ಟು ಚಿಕ್ಕದು! ಅಗಲಿಸಿ ಹಿಡಿದೇ ರೂಢಿಯಾಗಿದ್ದ ಬೆರಳುಗಳಿಂದ ಮೊದಲ ಎಸೆತ ಜಾರಿತು. ಎರಡನೆಯದರಲ್ಲಿ ಕಾಲು ಪಟ್ಟಿ ದಾಟಿತು. ಕೆಂಪು ಬಾವುಟ.

ಮೂರನೇ ಸಲ ಬೆರಳು ಕೂಡಿಸಿದ. ಗುಂಡನ್ನು ಕುತ್ತಿಗೆಗೆ ಒತ್ತಿ, ಕಾಲಿನಿಂದಲೇ ಬಲ ಎಳೆದು ತಳ್ಳಿದ. ಬಿಳಿ ಬಾವುಟ!

"ಅಜ್ಜಿ, 12 ಮೀಟರ್ ದಾಟೇತಿ! ಎರಡನೇ ನಂಬರ್!" ಫೋನಿನಲ್ಲಿ ಕೂಗಿದ.

"ಹಂಗಾರ ನಮ್ಮ ಕಣಾ ಸಾಲಂಗಿಲ್ಲ ಬಿಡು. ಹೊಲದಾಗ ಜಾಗಾ ಮಾಡ್ತೀನಿ, ಲಗೂ ಬಾ."